ಗುಂಡನಿಗೆ ತಂಗಿಯ ಗುರುತು ಸಿಗದ ಸಂಜೆ

ನಮ್ಮ ಮನೆಯಲ್ಲಿ ಗುಂಡ, ರಾಗಿ ಅಂತ ಎರಡು ಬೆಕ್ಕುಗಳಿವೆ. ಒಂದೇ ಸೂಲಿನ ಮರಿಗಳು. ಹನುಮಂತನಗರದ ನಮ್ಮ ಬೀದಿಯಲ್ಲಿ ಕವರ್ ಹಾಕಿ ನಿಲ್ಲಿಸಿದ್ದ ಕಾರಿನ ಕೆಳಗೆ ಸಿಕ್ಕವು. ಅವತ್ತಿನಿಂದ ಒಂದೇ ದಿಂಬಿನ ಮೇಲೆ ಮಲಗಿ, ಒಂದರ ಕತ್ತನ್ನು ಇನ್ನೊಂದು ನೆಕ್ಕಿಕೊಂಡು ಬೆಳೆದವು. ಕಳೆದ ವರ್ಷ ರಾಗಿಯ ಹಲ್ಲು ಹಾಳಾಗಿ, ಅರಿವಳಿಕೆ ಕೊಟ್ಟು ಕೀಳಿಸಬೇಕಾಯಿತು. ಬೆಳಿಗ್ಗೆ ಬುಟ್ಟಿಯಲ್ಲಿ ಕೂರಿಸಿ ಆಟೋದಲ್ಲಿ ಕರೆದುಕೊಂಡು ಹೋದೆ, ಸಂಜೆ ಕರೆದುಕೊಂಡು ಬಂದೆ. ಬುಟ್ಟಿಯನ್ನು ಹಾಲ್‌ನಲ್ಲಿ ಇಟ್ಟು ಚಿಲಕ ತೆಗೆದೆ.

ಗುಂಡ ಬಾಲ ನೆಟ್ಟಗೆ ಎತ್ತಿಕೊಂಡು ಬಂದ. ಬೆಕ್ಕು ಹಾಗೆ ಬಂದರೆ ಖುಷಿಯಾಗಿದೆ ಅಂತ ಅರ್ಥ. ಬುಟ್ಟಿಯ ಜಾಲರಿಗೆ ಮೂಗು ತಾಗಿಸಿದ. ಆಮೇಲೆ ಆಗಿದ್ದು ಕಣ್ಣೆದುರೇ ಆಗಿದ್ದರಿಂದ ಚೆನ್ನಾಗಿ ನೆನಪಿದೆ. ಮುಂದಕ್ಕೆ ಚಾಚಿದ್ದ ಮೀಸೆಗಳು ಕೆನ್ನೆಗೆ ಅಂಟಿಕೊಂಡವು. ಕಿವಿಗಳು ಪಕ್ಕಕ್ಕೆ ತಿರುಗಿ ಚಪ್ಪಟೆಯಾದವು. ಕಣ್ಣಿನ ಹಸಿರು ಬಣ್ಣವೇ ಕಾಣದಷ್ಟು ಪಾಪೆ ಅಗಲವಾಯಿತು. ಬುಸ್ ಅಂತ ಒಂದು ಸದ್ದು. ರಾಗಿ ತೂರಾಡಿಕೊಂಡು ಹೊರಗೆ ಕಾಲಿಟ್ಟಿದ್ದೇ ತಡ, ಅವಳ ಮೇಲೆ ಬಿದ್ದ. ಅಮ್ಮ ಅಡುಗೆಮನೆಯಿಂದ ಓಡಿ ಬಂದರು. "ಅಯ್ಯೋ, ಇವನಿಗೇನು ಬಂತೇ? ಸ್ವಂತ ತಂಗೀನೇ ಗೊತ್ತಾಗ್ತಿಲ್ವಾ?" ಸೋಫಾದ ದಿಂಬನ್ನು ಇಬ್ಬರ ನಡುವೆ ತೂರಿಸಿ, ರಾಗಿಯನ್ನು ರೂಮಿಗೆ ಸೇರಿಸಿ ಬಾಗಿಲು ಹಾಕಿದೆ. (ಇಂಥ ಹೊತ್ತಿನಲ್ಲಿ ಮಧ್ಯೆ ಕೈ ಹಾಕಬೇಡಿ. ಬೆಕ್ಕಿನ ಕಚ್ಚು ಸಣ್ಣ ತೂತಿನಂತೆ ಕಂಡರೂ ಆಳಕ್ಕೆ ಇಳಿದು ಕೀವಾಗುತ್ತದೆ. ದಿಂಬು, ರಟ್ಟು, ದಪ್ಪ ಟವೆಲ್, ಯಾವುದಾದರೂ ಸರಿ.)

ಅಮ್ಮನ ಪ್ರಶ್ನೆ ನನ್ನನ್ನು ಸುಮ್ನೆ ಬಿಡಲಿಲ್ಲ. ರಾಗಿಯ ಮುಖ ಬದಲಾಗಿರಲಿಲ್ಲ. ಬಣ್ಣ ಅದೇ, ಬಾಲದ ತುದಿಯ ಬಿಳಿ ಚುಕ್ಕೆ ಅದೇ. ಬುಟ್ಟಿಯೊಳಗಿಂದ ಕೂಗಿದ ದನಿಯೂ ಅದೇ. ಒಂದು ಹಗಲಿನಲ್ಲಿ ಏನು ಕಳೆದುಹೋಯಿತು?

ಕೆನ್ನೆ ಉಜ್ಜುವುದು ಯಾಕೆ

ಬೆಕ್ಕುಗಳನ್ನು ಚೆನ್ನಾಗಿ ಬಲ್ಲ ಡಾಕ್ಟರುಗಳಿಗೆ ಇದು ಹಳೇ ಕತೆ. ಎರಡು ಬೆಕ್ಕಿರುವ ಮನೆಯಲ್ಲಿ ಒಂದು ಆಸ್ಪತ್ರೆಗೆ ಹೋಗಿ ಬಂದರೆ ಇನ್ನೊಂದು ಅದನ್ನು ಪರಕೀಯ ಅಂತ ತಿಳಿದು ಎರಗುವುದು ಮಾಮೂಲು. ಎಷ್ಟೋ ವರ್ಷ ಜೊತೆಗಿದ್ದ ಜೋಡಿಗಳಲ್ಲೂ ಆಗುತ್ತದೆ. ಕಾರಣ ವಾಸನೆ.

ಬೆಕ್ಕಿನ ಕೆನ್ನೆ, ಗಲ್ಲ, ಹಣೆ, ಬಾಲದ ಬುಡ, ಪಾದದ ಬೆರಳುಗಳ ನಡುವೆ ವಾಸನೆಯ ಗ್ರಂಥಿಗಳಿವೆ. ಬಾಗಿಲ ಚೌಕಟ್ಟಿಗೆ, ನಮ್ಮ ಕಾಲಿಗೆ, ಕುರ್ಚಿಯ ಮೂಲೆಗೆ ಕೆನ್ನೆ ಉಜ್ಜುವುದು ಬರೀ ಮುದ್ದಿಗಲ್ಲ. ಅಲ್ಲಿ ತನ್ನ ವಾಸನೆ ಹಚ್ಚುತ್ತಿದೆ. ಒಟ್ಟಿಗೆ ಬಾಳುವ ಬೆಕ್ಕುಗಳು ಒಂದಕ್ಕೊಂದು ಉಜ್ಜಿಕೊಂಡು, ನೆಕ್ಕಿಕೊಂಡು ತಮ್ಮ ವಾಸನೆಗಳನ್ನು ಬೆರೆಸುತ್ತವೆ. ಹೀಗೆ ಬೆರೆತು ಆ ಮನೆಗೆ, ಆ ಗುಂಪಿಗೆ ಒಂದು ವಾಸನೆ ಸಿದ್ಧವಾಗುತ್ತದೆ. ಅದನ್ನು ದಿನಾ ಹಚ್ಚಿ ಹಚ್ಚಿ ಉಳಿಸಿಕೊಳ್ಳಬೇಕು, ಇಲ್ಲದಿದ್ದರೆ ಮಾಸಿಹೋಗುತ್ತದೆ. ಗುಂಡನಿಗೆ ರಾಗಿ ಅಂದರೆ ಮೊದಲು ಈ ಬೆರಕೆ ವಾಸನೆ, ಆಮೇಲೆ ಉಳಿದಿದ್ದೆಲ್ಲ.

ಆಸ್ಪತ್ರೆಯಲ್ಲಿ ಇದರ ಮೇಲೆ ಏನೇನು ಕೂತಿತು ಅಂತ ಲೆಕ್ಕ ಹಾಕಿ. ಸ್ಪಿರಿಟ್, ಔಷಧಿ, ಕೈಗವಸಿನ ರಬ್ಬರ್, ಮೇಜು ಒರೆಸಿದ ದ್ರವ, ಮೊದಲು ಅಲ್ಲಿ ಮಲಗಿದ್ದ ನಾಯಿ. ಇವೆಲ್ಲ ಹೊರಗಿನವು. ರಾಗಿಯ ಒಳಗಿನಿಂದಲೂ ಒಂದು ಬಂದಿರುತ್ತದೆ. ಬೆಕ್ಕು ಹೆದರಿದಾಗ ಅಂಗಾಲು ಬೆವರುತ್ತದೆ, ಬಾಲದ ಕೆಳಗಿನ ಗ್ರಂಥಿಗಳು ಖಾಲಿಯಾಗುತ್ತವೆ. ಆ ವಾಸನೆ ಇನ್ನೊಂದು ಬೆಕ್ಕಿಗೆ ಅಪಾಯದ ಸೂಚನೆ. ಅಂದರೆ ಗುಂಡನ ಮೂಗಿಗೆ ಎರಡು ಸುದ್ದಿ ಒಟ್ಟಿಗೆ ಬಂದವು. ಇವಳು ನಮ್ಮವಳಲ್ಲ, ಇಲ್ಲೇನೋ ಭಯವಾಗುವಂಥದ್ದು ನಡೆದಿದೆ. ಅಮ್ಮನ ದನಿ, ಅಮ್ಮನ ಸೀರೆ, ಅಮ್ಮನ ನಡಿಗೆಯೇ ಇರುವ ಯಾರೋ ಬೇರೆಯವರ ಮುಖ ಹೊತ್ತು ಮನೆಯೊಳಗೆ ಬಂದರೆ ನಾನಾದರೂ ಏನು ಮಾಡುತ್ತಿದ್ದೆ?

ಮೂಗಿಗೆ ಇಷ್ಟು ಅಧಿಕಾರ ಬಂದಿದ್ದು ಹುಟ್ಟಿನಿಂದಲೇ. ಬೆಕ್ಕಿನ ಮರಿ ಹುಟ್ಟಿದಾಗ ಕಣ್ಣು ಮುಚ್ಚಿರುತ್ತದೆ, ಕಿವಿಯ ದಾರಿಯೂ ಮುಚ್ಚಿರುತ್ತದೆ. ಕಣ್ಣು ಬಿಡುವುದು ಸುಮಾರು 7ರಿಂದ 10 ದಿನಕ್ಕೆ. ಅಲ್ಲಿಯವರೆಗೂ ತಾಯಿಯ ಮೊಲೆ ಹುಡುಕುವುದು ಮೂಗು, ಸ್ಪರ್ಶ ಮತ್ತು ಬಿಸಿಯಿಂದಲೇ. ದೊಡ್ಡದಾದ ಮೇಲೂ ಮೂಗು ಒಂದೇ ಸಾಲದು ಅಂತ ಬಾಯಿಯ ಅಂಗುಳಲ್ಲಿ ಇನ್ನೊಂದು ಸಾಧನ ಇಟ್ಟುಕೊಂಡಿದೆ. ಜೇಕಬ್ಸನ್ ಅಂಗ ಅಂತ ಅದರ ಹೆಸರು. ಮೇಲಿನ ಮುಂಬಲ್ಲುಗಳ ಹಿಂದೆ ಅದಕ್ಕೆ ಎರಡು ಸಣ್ಣ ದಾರಿಗಳಿವೆ. ಬೆಕ್ಕು ಏನನ್ನೋ ಮೂಸಿ, ಬಾಯಿ ಅರ್ಧ ತೆರೆದು, ಮೇಲ್ತುಟಿ ಎತ್ತಿ, ಕೆಟ್ಟ ಕಷಾಯ ಕುಡಿದ ಮುಖ ಮಾಡುವುದನ್ನು ನೋಡಿರುತ್ತೀರಿ. ನಾತಕ್ಕೆ ಮುಖ ಕಿವುಚುತ್ತಿದೆ ಅಂತ ನಾವು ನಗುತ್ತೇವೆ. ಅದು ಆ ವಾಸನೆಯನ್ನು ಒಳಗೆ ಎಳೆದು ಕೂಲಂಕಷವಾಗಿ ಓದುತ್ತಿರುತ್ತದೆ.

ಬಾಗಿಲ ಆಚೆ, ಈಚೆ

ಇಷ್ಟನ್ನು ಡಾಕ್ಟರ್ ಫೋನಿನಲ್ಲಿ ಹೇಳಿದರು. ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ರಾಗಿ ತೂರಾಡುತ್ತಿದ್ದಳು, ಅದನ್ನು ನೋಡಿ ಹೆದರಿರಬಹುದಲ್ವಾ? ಬೆಕ್ಕುಗಳಿಗೆ ಕೊಡುವ ಕೆಟಮಿನ್‌ನಂಥ ಔಷಧದಿಂದ ಎಚ್ಚರವಾದ ಮೇಲೂ ಪಾಪೆ ಅಗಲವಾಗಿಯೇ ಇರುತ್ತದೆ. ಬೆಕ್ಕುಗಳ ನಡುವೆ ಅಗಲ ಪಾಪೆ ಅಂದರೆ ಭಯ ಇಲ್ಲವೇ ಸಿಟ್ಟು. ಆ ಕಣ್ಣನ್ನು ಗುಂಡ ತಪ್ಪಾಗಿ ಓದಿರಬಹುದು. ಜೊತೆಗೆ ಇನ್ನೊಂದು ಸಾಧ್ಯತೆ. ನಾನು ಬುಟ್ಟಿ ತೆರೆಯುವ ಹೊತ್ತಿಗೆ ಅಡುಗೆಮನೆಯಲ್ಲಿ ಅಮ್ಮನ ಕೈಯಿಂದ ಸ್ಟೀಲ್ ಮುಚ್ಚಳ ಜಾರಿ ಬಿದ್ದಿತ್ತು. ಬೆಕ್ಕು ಒಂದಕ್ಕೆ ಬೆಚ್ಚಿ, ಆ ಸಿಟ್ಟನ್ನು ಹತ್ತಿರ ಕಂಡ ಇನ್ನೊಂದರ ಮೇಲೆ ತೀರಿಸಿಕೊಳ್ಳುವುದೂ ಉಂಟು. ಕಿಟಕಿಯಾಚೆ ಬೀದಿ ಬೆಕ್ಕನ್ನು ಕಂಡು ಕೆರಳಿ, ಪಕ್ಕದಲ್ಲಿ ಕೂತ ಯಜಮಾನನ ಕಾಲು ಪರಚುವುದು ಇದೇ ಜಾತಿಯದು.

ಮಾರನೇ ದಿನ ನನ್ನ ಈ ಅನುಮಾನ ತಾನಾಗಿಯೇ ಬಗೆಹರಿಯುತ್ತಾ ಬಂತು. ರಾಗಿಯ ತೂರಾಟ ನಿಂತಿತ್ತು, ಕಣ್ಣು ಸರಿಹೋಗಿತ್ತು. ರೂಮಿನೊಳಗಿಂದ ಅವಳು ಕೂಗಿದಾಗ ಗುಂಡ ಬಾಗಿಲ ಬಳಿ ಓಡಿದ. ಕಿವಿ ಎರಡೂ ಮುಂದಕ್ಕೆ. ಅವನು ಅವಳನ್ನು ಕರೆಯುವಾಗ ಮಾತ್ರ ಮಾಡುವ ಒಂದು ಗುಟುರಿನ ಸದ್ದಿದೆ, ಅದನ್ನು ಮಾಡಿದ. ದನಿಯ ಗುರುತು ಸಿಕ್ಕಿತ್ತು. ಆಮೇಲೆ ಬಾಗಿಲ ಕೆಳಗಿನ ಸಂದಿಗೆ ಮೂಗು ಇಟ್ಟ. ಬುಸ್ ಅಂದು ಹಿಂದಕ್ಕೆ ಹಾರಿದ. ಸ್ವಲ್ಪ ಹೊತ್ತಿಗೆ ಅವಳು ಮತ್ತೆ ಕೂಗಿದಳು, ಅವನು ಮತ್ತೆ ಬಂದ, ಮತ್ತೆ ಮೂಸಿದ, ಮತ್ತೆ ಬುಸ್. ಪಾಪ, ಅವನ ಕಿವಿ ಒಂದು ಹೇಳುತ್ತಿತ್ತು, ಮೂಗು ಇನ್ನೊಂದು.

ಆ ರೂಮಿಗೂ ಬಾಲ್ಕನಿಗೂ ನಡುವೆ ಗಾಜಿನ ಬಾಗಿಲಿದೆ. ಮಧ್ಯಾಹ್ನ ಗುಂಡ ಬಾಲ್ಕನಿಯಲ್ಲಿ ಬಿಸಿಲು ಕಾಯಿಸುತ್ತಿದ್ದ, ರಾಗಿ ಒಳಗಿನಿಂದ ಗಾಜಿನ ಹತ್ತಿರ ಬಂದಳು. ಒಬ್ಬರನ್ನೊಬ್ಬರು ನೋಡಿದರು. ಅವನ ಬಾಲದ ತುದಿ ಒಂದೆರಡು ಸಲ ಅಲುಗಿತು, ಅಷ್ಟೇ. ಆಮೇಲೆ ಕಾಲು ಎತ್ತಿ ತೊಡೆ ನೆಕ್ಕಿಕೊಳ್ಳಲು ಶುರು ಮಾಡಿದ. ನೋಟಕ್ಕೆ ಭಯವಿರಲಿಲ್ಲ.

ಕೊನೆಗೆ ಬುಟ್ಟಿಯೊಳಗೆ ಹಾಸಿದ್ದ ಟವೆಲ್. ಒಗೆಯಲು ಅಂತ ಬಚ್ಚಲ ಹತ್ತಿರ ಹಾಕಿದ್ದೆ. ರಾಗಿ ಅಲ್ಲಿಲ್ಲ, ಸದ್ದಿಲ್ಲ, ತೂರಾಟವಿಲ್ಲ, ಬರೀ ಟವೆಲ್. ಅದನ್ನು ಮೂಸಿದ ಗುಂಡನ ಬೆನ್ನಿನ ಕೂದಲು ಎದ್ದು ನಿಂತಿತು. ಟವೆಲ್ಲಿಗೇ ಬುಸುಗುಟ್ಟಿ, ಪಂಜದಿಂದ ಒಂದು ಏಟು ಕೊಟ್ಟು ಓಡಿದ. ಡಾಕ್ಟರ್ ಮಾತಿಗೆ ನನ್ನ ತಕರಾರು ಅಲ್ಲಿಗೆ ಮುಗಿಯಿತು. ಮುಚ್ಚಳದ ಸದ್ದು, ತೂರಾಟ ಆ ಕ್ಷಣಕ್ಕೆ ಸ್ವಲ್ಪ ತುಪ್ಪ ಸುರಿದಿರಬಹುದು. ಬೆಂಕಿ ಹಚ್ಚಿದ್ದು ಮಾತ್ರ ವಾಸನೆಯೇ.

ಒಂದು ಗೇಣಿನೊಳಗೆ ಕಣ್ಣಿಗೆ ಕೆಲಸವಿಲ್ಲ

ಕಣ್ಣಿಗೆ ಕಂಡಿದ್ದನ್ನು ಮೂಗು ಯಾಕೆ ಇಷ್ಟು ಸುಲಭವಾಗಿ ತಳ್ಳಿಹಾಕುತ್ತದೆ? ಬೆಕ್ಕಿನ ಕಣ್ಣು ಹೇಗೆ ಕೆಲಸ ಮಾಡುತ್ತದೆ ಅಂತ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಸುಮಾರು 25 ಸೆಂಟಿಮೀಟರಿಗಿಂತ ಹತ್ತಿರ ಬಂದಿದ್ದು ಅದಕ್ಕೆ ಸ್ಪಷ್ಟವಾಗಿ ಕಾಣುವುದಿಲ್ಲ. ನಮ್ಮ ಲೆಕ್ಕದಲ್ಲಿ ಒಂದು ಗೇಣಿಗಿಂತ ಚೂರು ಜಾಸ್ತಿ. ಮೂಗಿನ ಮುಂದೆಯೇ ಬಿದ್ದ ಮೀನಿನ ತುಂಡನ್ನು ಬೆಕ್ಕು ಹುಡುಕಾಡುವುದು ಇದಕ್ಕೇ. ಎರಡು ಬೆಕ್ಕು ಎದುರಾದಾಗ ಏನು ಮಾಡುತ್ತವೆ? ಮೂಗಿಗೆ ಮೂಗು ತಾಗಿಸುತ್ತವೆ. ಅಂದರೆ ಗುರುತು ಹಿಡಿಯುವ ಕೆಲಸ ನಡೆಯುವುದೇ ಕಣ್ಣು ಮಂಜಾಗುವ ಆ ಒಂದು ಗೇಣಿನೊಳಗೆ. ಅಲ್ಲಿ ಮೂಗಿಗೆ ಜೊತೆ ಕೊಡುವುದು ಮೀಸೆ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಅಂತ ಗಾದೆ ಹೇಳಿ ನಾವು ಅದರ ಕಳ್ಳತನವನ್ನು ಹಂಗಿಸುತ್ತೇವೆ. ಬಟ್ಟಲು ಅಷ್ಟು ಹತ್ತಿರ ಇದ್ದಾಗ ಕಣ್ಣು ತೆರೆದರೂ ಅದಕ್ಕೆ ಅಷ್ಟೇನೂ ಕಾಣುವುದಿಲ್ಲ, ಬಿಡಿ.

ಮೂತಿಯ ಎರಡೂ ಕಡೆ ಸಾಮಾನ್ಯವಾಗಿ ಹನ್ನೆರಡು ಹನ್ನೆರಡು ಉದ್ದ ಮೀಸೆಗಳು, ನಾಲ್ಕು ಸಾಲಿನಲ್ಲಿ. ಹುಬ್ಬಿನ ಮೇಲೆ ಕೆಲವು. ಮುಂಗಾಲಿನ ಹಿಂಬದಿಯಲ್ಲೂ ಮಣಿಕಟ್ಟಿನ ಹತ್ತಿರ ಒಂದಿಷ್ಟು ಇವೆ, ಹಿಡಿದ ಬೇಟೆ ಇನ್ನೂ ಒದ್ದಾಡುತ್ತಿದೆಯಾ ಅಂತ ತಿಳಿಯಲು. ಮೀಸೆಯ ಕೂದಲಿಗೆ ಸ್ವತಃ ಏನೂ ಗೊತ್ತಾಗುವುದಿಲ್ಲ. ಅದರ ಬೇರು ಚರ್ಮದೊಳಗೆ ಆಳಕ್ಕೆ ಇಳಿದು, ರಕ್ತ ತುಂಬಿದ ಒಂದು ಚೀಲದೊಳಗೆ ಕೂತಿದೆ. ಸುತ್ತಲೂ ನರಗಳ ತುದಿಗಳು. ತುದಿ ಕೂದಲೆಳೆಯಷ್ಟು ಬಾಗಿದರೂ ಬೇರು ಅಲುಗಿ ಸುದ್ದಿ ಮಿದುಳಿಗೆ ಹೋಗುತ್ತದೆ. ಗಾಳಿ ಅಲುಗಿದರೂ ಸಾಕು. ಇಲಿಯ ಮೇಲೆ ಹಾರುವಾಗ ಬೆಕ್ಕು ಮೀಸೆಗಳನ್ನು ಮುಂದಕ್ಕೆ ಬೀಸುತ್ತದೆ. ಕಣ್ಣು ಕೈಬಿಡುವ ಕೊನೆಯ ಗೇಣಿನಲ್ಲಿ ಇಲಿ ಎಲ್ಲಿದೆ, ಕತ್ತು ಯಾವ ಕಡೆಗಿದೆ ಅಂತ ಅದಕ್ಕೆ ತಿಳಿಯುವುದು ಅವುಗಳಿಂದ.

ಹೆದರಿದಾಗ ಇದರ ಉಲ್ಟಾ. ಮೀಸೆಗಳು ಹಿಂದಕ್ಕೆ ಮಡಚಿಕೊಳ್ಳುತ್ತವೆ. ಗುಂಡನ ಮುಖದಲ್ಲಿ ನಾನು ನೋಡಿದ್ದು ಅದೇ. ಆದರೆ ರಾಗಿಯ ಮೀಸೆ ಆ ದಿನಗಳಲ್ಲಿ ಬೇರೆಯೇ ಥರ ಇತ್ತು. ಹಿಂದಕ್ಕೂ ಹೋಗದೆ, ಎಂದಿನಂತೆ ಸಡಿಲವಾಗಿ ಬಾಗಿಯೂ ಇರದೆ, ಬಿರುಸಾಗಿ ನೆಟ್ಟಗೆ ನಿಂತಿದ್ದವು. ಕಣ್ಣು ಅರ್ಧ ಮುಚ್ಚಿ, ತಲೆ ಭುಜಕ್ಕಿಂತ ಕೆಳಗೆ ಹಾಕಿ ಕೂರುತ್ತಿದ್ದಳು. ಅದು ಭಯವಲ್ಲ, ನೋವು. 2019ರಲ್ಲಿ ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು ಬೆಕ್ಕಿನ ಮುಖ ನೋಡಿ ನೋವು ಅಳೆಯುವ ಒಂದು ಪಟ್ಟಿ ಪ್ರಕಟಿಸಿದರು. ಕಿವಿ, ಕಣ್ಣು, ಮೂತಿಯ ಬಿಗಿತ, ಮೀಸೆ, ತಲೆ ಇರುವ ಮಟ್ಟ, ಹೀಗೆ ಐದು ಗುರುತು. ಪ್ರತಿಯೊಂದಕ್ಕೂ ಸೊನ್ನೆಯಿಂದ ಎರಡು ಅಂಕ. ಹತ್ತಕ್ಕೆ ನಾಲ್ಕು ಅಥವಾ ಜಾಸ್ತಿ ಬಂದರೆ ನೋವಿನ ಔಷಧಿಯ ಬಗ್ಗೆ ಯೋಚಿಸಬೇಕು. ಇದು ತಿಳಿದಿರುವುದು ಯಾಕೆ ಒಳ್ಳೆಯದು ಅಂದರೆ, ನೋವಿನಲ್ಲಿರುವ ಬೆಕ್ಕೂ ಮುಟ್ಟಲು ಬಂದವರಿಗೆ ಬುಸುಗುಟ್ಟುತ್ತದೆ. ಎರಡೂ ಬೆಕ್ಕು ಬುಸುಗುಟ್ಟುತ್ತಿರುವಾಗ ಯಾವುದು ಹೆದರಿದೆ, ಯಾವುದಕ್ಕೆ ನೋವಿದೆ ಅಂತ ಬೇರೆ ಮಾಡದಿದ್ದರೆ ಚಿಕಿತ್ಸೆ ತಪ್ಪುತ್ತದೆ. ರಾಗಿಯ ಫೋಟೋ ತೆಗೆದು ಡಾಕ್ಟರಿಗೆ ಕಳಿಸಿದೆ, ಅವರು ನೋವಿನ ಔಷಧಿಯ ಪ್ರಮಾಣ ಬದಲಿಸಿದರು. (ನಮ್ಮ ಮನೆಯ ನೋವಿನ ಮಾತ್ರೆ ಕೊಡುವ ಯೋಚನೆ ಮಾತ್ರ ಬೇಡ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಒಂದೇ ಮಾತ್ರೆ ಜೀವ ತೆಗೆಯಬಹುದು.)

ಮೀಸೆಯ ಹೆಸರಿನಲ್ಲಿ ನಡೆಯುವ ವ್ಯಾಪಾರದ ಬಗ್ಗೆಯೂ ಒಂದು ಮಾತು. ಆಳದ ಬಟ್ಟಲಿನ ಅಂಚಿಗೆ ಮೀಸೆ ತಾಗಿ ತಾಗಿ ಬೆಕ್ಕಿಗೆ ಆಯಾಸವಾಗುತ್ತದೆ ಅಂತ ಅಗಲದ ವಿಶೇಷ ತಟ್ಟೆಗಳನ್ನು ಮಾರುತ್ತಾರೆ, ಬೆಲೆಯೂ ಚೆನ್ನಾಗಿಯೇ ಇರುತ್ತದೆ. 38 ಬೆಕ್ಕುಗಳಿಗೆ ಎರಡೂ ಥರದ ತಟ್ಟೆ ಕೊಟ್ಟು ನೋಡಿದ ಒಂದು ಅಧ್ಯಯನದಲ್ಲಿ ತಿನ್ನುವ ಹೊತ್ತಿನಲ್ಲಾಗಲಿ, ಚೆಲ್ಲುವುದರಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಮ್ಮಲ್ಲಿ ಇಬ್ಬರೂ ಹಳೇ ಸ್ಟೀಲ್ ತಟ್ಟೆಯಲ್ಲೇ ತಿನ್ನುತ್ತಾರೆ.

ಕರೆಂಟು ಹೋದ ರಾತ್ರಿ

ಅದೇ ವಾರ ಒಂದು ರಾತ್ರಿ ಮಳೆ ಬಂತು, ಕರೆಂಟು ಹೋಯಿತು. ನಾನು ಮೊಬೈಲ್ ಟಾರ್ಚ್ ಹಾಕಿ ರಾಗಿಯ ರೂಮಿಗೆ ಹೊರಟೆ. ಬಾಗಿಲ ಮುಂದೆ ಎರಡು ಹಸಿರು ದೀಪ. ಗುಂಡ ಅಲ್ಲೇ ಕಾವಲು ಕೂತಿದ್ದ.

ಆ ಹೊಳಪು ಕಣ್ಣಿನ ಪರದೆಯ ಹಿಂದಿರುವ ಕನ್ನಡಿಯಂಥ ಪದರದ್ದು. ಟಪೇಟಮ್ ಅಂತಾರೆ. ಪರದೆಯನ್ನು ದಾಟಿ ಹೋದ ಬೆಳಕನ್ನು ಅದು ವಾಪಸ್ ಕಳಿಸುತ್ತದೆ, ಕಣ್ಣಿಗೆ ಅದೇ ಬೆಳಕು ಎರಡನೇ ಸಲ ಸಿಗುತ್ತದೆ. ನಮಗೆ ನೋಡಲು ಬೇಕಾಗುವ ಬೆಳಕಿನ ಸುಮಾರು ಆರರಲ್ಲಿ ಒಂದು ಭಾಗವಿದ್ದರೆ ಬೆಕ್ಕಿಗೆ ಸಾಕು. ಬೀದಿ ದೀಪ ಆರಿದ್ದರೂ ಮೋಡಕ್ಕೆ ಬಡಿದು ಬರುವ ಊರಿನ ಬೆಳಕಿನಲ್ಲೇ ನಮ್ಮ ಹಾಲ್ ಅದಕ್ಕೆ ಚೆನ್ನಾಗಿ ಕಾಣುತ್ತದೆ. ಬೆಳಕೇ ಇಲ್ಲದ ಕಡೆ ಬೆಕ್ಕಿಗೂ ಕಾಣುವುದಿಲ್ಲ, ಆಗ ಮೀಸೆಯೇ ಗತಿ.

ಆದರೆ ಈ ಕಣ್ಣು ಕಸುಬಿನಲ್ಲಿ ರಾಜಿ ಮಾಡಿಕೊಂಡಿದೆ. ಬೆಳಕು ಹಿಡಿಯಲು ಹೋಗಿ ನಯವಾದ ವಿವರ ಬಿಟ್ಟುಕೊಟ್ಟಿದೆ. ನಮಗೆ ದೂರದಿಂದ ಸ್ಪಷ್ಟವಾಗಿ ಕಾಣುವ ಮುಖ ಅದಕ್ಕೆ ತೀರಾ ಹತ್ತಿರ ಬಂದರಷ್ಟೇ ಕಾಣುತ್ತದೆ, ಅದೂ ಆ ಗೇಣಿನ ಗೆರೆ ದಾಟುವ ಮೊದಲು. ಅದು ಚೆನ್ನಾಗಿ ಹಿಡಿಯುವುದು ಚಲನೆಯನ್ನು. ಗೋಡೆಯ ಮೂಲೆಯಲ್ಲಿ ಹಲ್ಲಿ ಬಾಲ ಅಲುಗಿಸಿದರೆ ಸಾಕು, ತಲೆ ತಿರುಗುತ್ತದೆ. ಅಲುಗದೆ ನಿಂತ ಹಲ್ಲಿಯನ್ನು ಎಷ್ಟೋ ಸಲ ದಾಟಿಕೊಂಡೇ ಹೋಗುತ್ತದೆ. ಭಯದಲ್ಲಿ ಪಾಪೆ ಪೂರ್ತಿ ತೆರೆದಾಗ ವಿವರ ಇನ್ನೂ ಮಸುಕಾಗುತ್ತದೆ. ಹಾಗಾಗಿ ಕೆರಳಿದ ಗುಂಡನ ಮುಂದೆ, ಮಬ್ಬು ಬೆಳಕಿನಲ್ಲಿ ರಾಗಿ ಸರಕ್ಕನೆ ಓಡಿದರೆ ಅವನ ಕಣ್ಣು ಕೊಡುವ ಸುದ್ದಿ 'ಏನೋ ಓಡುತ್ತಿದೆ' ಅಂತ ಮಾತ್ರ. ಇಬ್ಬರನ್ನೂ ರಾತ್ರಿ ಒಟ್ಟಿಗೆ ಬಿಡಬೇಡಿ, ಹಗಲಿನಲ್ಲಿ ಭೇಟಿ ಮಾಡಿಸಿ ಅಂತ ಡಾಕ್ಟರ್ ಹೇಳಿದ್ದು ಆಮೇಲೆ ಸರಿಯಾಗಿ ಅರ್ಥವಾಯಿತು. ಟಾರ್ಚನ್ನು ನೆಲದ ಕಡೆ ತಿರುಗಿಸಿಕೊಂಡೆ. ಬೆಕ್ಕಿನ ಪಾಪೆ ಪೂರ್ತಿ ತೆರೆದಾಗಿನ ವಿಸ್ತೀರ್ಣ ಪೂರ್ತಿ ಮುಚ್ಚಿದಾಗಿನದಕ್ಕಿಂತ 135 ಪಟ್ಟು, ನಮ್ಮದು ಬರೀ 15 ಪಟ್ಟು. ಅಷ್ಟು ತೆರೆದ ಕಣ್ಣಿಗೆ ನೇರ ಟಾರ್ಚ್ ಬಿಟ್ಟರೆ ಅದು ಬೆಚ್ಚುವುದು ಸಹಜ.

ಕೇಳದ ಸದ್ದು

ಮುಚ್ಚಳದ ವಿಷಯಕ್ಕೆ ಬರುತ್ತೇನೆ. ನಮ್ಮ ಕಿವಿ ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ ಕೇಳುತ್ತದೆ, ವಯಸ್ಸಾದಂತೆ ಅದೂ ಇಳಿಯುತ್ತದೆ. ಬೆಕ್ಕಿನದು ಸುಮಾರು 85ರವರೆಗೆ ಹೋಗುತ್ತದೆ. ನಾಯಿಗಿಂತಲೂ ಮೇಲೆ. ಇಲಿ ಮರಿಗಳ ಕೀಚಲು ಬಹುಪಾಲು ನಮಗೆ ಕೇಳದ ಆ ಮೇಲಿನ ಭಾಗದಲ್ಲೇ ಇರುತ್ತದೆ, ಇಲಿಯನ್ನು ನಂಬಿ ಬದುಕುವ ಪ್ರಾಣಿಗೆ ಆ ಕಿವಿ ಬೇಕೇ ಬೇಕು. ಸ್ಟೀಲ್ ಮುಚ್ಚಳ ನೆಲಕ್ಕೆ ಬಿದ್ದಾಗ ಬರುವ ಸದ್ದಿನಲ್ಲೂ ನಮ್ಮ ಕಿವಿ ದಾಟಿ ಹೋಗುವ ಒಂದು ಭಾಗವಿರುತ್ತದೆ. ನಮಗೆ ಠಣ್ ಅಂತ ಕೇಳಿದ್ದು ಅದಕ್ಕೆ ಇನ್ನೂ ಚೂಪಾಗಿ ಕೇಳಿರುತ್ತದೆ. ವಯಸ್ಸಾದ ಕೆಲವು ಬೆಕ್ಕುಗಳಿಗೆ ಅಲ್ಯುಮಿನಿಯಂ ಫಾಯಿಲ್ ಮುದುರುವ ಸದ್ದು, ಪಿಂಗಾಣಿ ಬಟ್ಟಲಿಗೆ ಚಮಚ ತಾಗುವ ಸದ್ದಿಗೇ ಫಿಟ್ಸ್ ಬರುತ್ತದೆ ಅಂತ 2015ರಲ್ಲಿ ಬ್ರಿಟನ್ನಿನ ಪಶುವೈದ್ಯರು ವರದಿ ಮಾಡಿದ್ದಾರೆ.

ಗುಂಡ ರಾಗಿಯರ ಜಗಳದ ನಡುವೆ ನನಗೆ ಉಪಯೋಗಕ್ಕೆ ಬಂದ ವಿಷಯ ಇನ್ನೊಂದು. ರಾಗಿಯನ್ನು ಇಟ್ಟ ರೂಮಿನಲ್ಲಿ ಅವಳು ಒಂದು ಮೂಲೆಯ ಹತ್ತಿರ ಹೋಗುತ್ತಲೇ ಇರಲಿಲ್ಲ. ಅವಳು ಮಲಮೂತ್ರಕ್ಕೆ ಬಳಸುವ ಟ್ರೇ ಅಲ್ಲೇ ಇತ್ತು, ಆದರೂ ಹೋಗಲೊಲ್ಲಳು. ಮಂಚದ ಮೇಲೆ ಕೂತು ಒಂದು ಕಿವಿಯನ್ನು ಸದಾ ಆ ಕಡೆ ತಿರುಗಿಸಿರುತ್ತಿದ್ದಳು. ಬೆಕ್ಕಿನ ಎರಡು ಕಿವಿಗಳೂ ಬೇರೆ ಬೇರೆಯಾಗಿ ತಿರುಗುತ್ತವಲ್ಲ, ಮುಖ ನನ್ನ ಕಡೆ, ಕಿವಿ ಮಾತ್ರ ಸಾಕೆಟ್ಟಿನ ಕಡೆ. ಸಾಕೆಟ್ಟಿನಲ್ಲಿ ಇಲಿ ಓಡಿಸುವ ಪುಟ್ಟ ಯಂತ್ರ ಇತ್ತು. ಅಮ್ಮ ಗಾಂಧಿಬಜಾರಿನಿಂದ ತಂದಿದ್ದು, ಮನುಷ್ಯರಿಗೆ ಕೇಳಿಸಲ್ಲ ಅಂತ ಡಬ್ಬಿಯ ಮೇಲೆ ಬರೆದಿತ್ತು. ಇಲಿಗೆ ಕೇಳುವುದು ಬೆಕ್ಕಿಗೂ ಕೇಳುತ್ತದೆ. ಕಿತ್ತು ಹಾಕಿದೆ. ಸಂಜೆಯ ಹೊತ್ತಿಗೆ ಟ್ರೇ ಬಳಸಿದಳು. ನಿಮ್ಮ ಬೆಕ್ಕು ಖಾಲಿ ಗೋಡೆಯನ್ನೇ ದಿಟ್ಟಿಸಿ ಕೂತರೆ ದೆವ್ವದ ಕತೆ ಕಟ್ಟುವ ಮೊದಲು ಕಿವಿ ಯಾವ ಕಡೆಗಿದೆ ನೋಡಿ, ಅಲ್ಲಿನ ಚಾರ್ಜರನ್ನೋ ಅಡಾಪ್ಟರನ್ನೋ ಒಂದೊಂದಾಗಿ ಆಫ್ ಮಾಡಿ ನೋಡಿ. ಇಲ್ಲವೇ ಗೋಡೆಯೊಳಗೆ ನಿಜವಾಗಿಯೂ ಇಲಿ ಇರಬಹುದು.

ಮತ್ತೆ ಪರಿಚಯ

ಇಬ್ಬರನ್ನೂ ಸೇರಿಸುವುದು ಅಂದರೆ ವಾಸನೆಯನ್ನು ಮತ್ತೆ ಬೆರೆಸುವುದು. ಮೊದಲು ತಲೆಗೆ ಬರುವ ಉಪಾಯ ಸ್ನಾನ. ಅಮ್ಮನೂ ಅದನ್ನೇ ಹೇಳಿದರು. ಆದರೆ ಶ್ಯಾಂಪೂ ಹಾಕಿ ತೊಳೆದರೆ ಆಸ್ಪತ್ರೆಯ ವಾಸನೆ ಜೊತೆಗೆ ರಾಗಿಯದೂ ಹೋಗಿ, ಮೂರನೆಯದೊಂದು ಹೊಸ ವಾಸನೆ ಬರುತ್ತದೆ. ಅರಿವಳಿಕೆಯಿಂದ ಎದ್ದ ಬೆಕ್ಕಿಗೆ ಚಳಿಯೂ ಹಿಡಿಯುತ್ತದೆ. ಅದನ್ನು ಬಿಟ್ಟು, ಅವಳ ಹಳೇ ಹಾಸಿಗೆ, ಟ್ರೇ, ನೀರು ಎಲ್ಲ ರೂಮಿನೊಳಗೇ ಇಟ್ಟು, ಅವಳು ತನ್ನನ್ನು ತಾನೇ ನೆಕ್ಕಿಕೊಳ್ಳಲು ಬಿಟ್ಟೆ.

ಆಮೇಲೆ ಕಾಲುಚೀಲದ ಕೆಲಸ. ಒಗೆದ ಹತ್ತಿ ಕಾಲುಚೀಲವನ್ನು ಕೈಗೆ ಹಾಕಿಕೊಂಡು ಗುಂಡನ ಕೆನ್ನೆ, ಗಲ್ಲ ಉಜ್ಜಿ, ಅದನ್ನು ರಾಗಿಯ ಊಟದ ತಟ್ಟೆಯ ಪಕ್ಕ ಇಟ್ಟೆ. ಇನ್ನೊಂದರಿಂದ ರಾಗಿಯನ್ನು ಉಜ್ಜಿ ಗುಂಡನ ತಟ್ಟೆಯ ಹತ್ತಿರ. ರಾಗಿಯ ಬಾಯಿ ನೋಯುತ್ತಿದ್ದರಿಂದ ಅವಳ ಹಣೆ ಮಾತ್ರ. ಗುಂಡ ಮೊದಲು ಕಾಲುಚೀಲಕ್ಕೆ ಬುಸ್ ಅಂದ, ತಟ್ಟೆ ಬಿಟ್ಟು ಹೋದ. ಅದನ್ನು ಅವನು ತಿನ್ನಲು ಒಪ್ಪುವಷ್ಟು ದೂರಕ್ಕೆ ಸರಿಸಿ, ದಿನಾ ಚೂರು ಚೂರು ಹತ್ತಿರ ತಂದೆ. ಈ ಕೆಲಸದಲ್ಲಿ ಕ್ಯಾಲೆಂಡರ್ ನೋಡಿ ಪ್ರಯೋಜನವಿಲ್ಲ, ಮೀಸೆ ನೋಡಬೇಕು. ಮೂಸಿದ ಮೇಲೂ ಮೀಸೆ ಸಡಿಲವಾಗಿದ್ದರೆ, ಕಿವಿ ಮುಂದಿದ್ದರೆ ಮುಂದಿನ ಹೆಜ್ಜೆ. ಕೆನ್ನೆಗೆ ಅಂಟಿಕೊಂಡರೆ ಹಿಂದಿನ ಹೆಜ್ಜೆಗೆ. ಕಾಲುಚೀಲದ ಮೇಲೆ ತಾನೇ ಕೆನ್ನೆ ಉಜ್ಜಿದರೆ ಅರ್ಧ ಗೆದ್ದ ಹಾಗೆ. ಅಲ್ಲಿಂದ ಮುಚ್ಚಿದ ಬಾಗಿಲ ಎರಡೂ ಕಡೆ ಊಟ. ಆಮೇಲೆ ರೂಮು ಅದಲು ಬದಲು, ಅವಳು ಹಾಲ್‌ಗೆ, ಅವನು ಅವಳ ರೂಮಿಗೆ. ಆಮೇಲೆ ಸೊಳ್ಳೆ ಜಾಲರಿಯ ಬಾಗಿಲಿನ ಮೂಲಕ ಭೇಟಿ. ಕೊನೆಗೆ ಹಗಲು ಹೊತ್ತಿನಲ್ಲಿ, ದಿಂಬು ಪಕ್ಕದಲ್ಲಿಟ್ಟುಕೊಂಡು, ಬಾಗಿಲು ತೆರೆದೆ. ಗುಂಡ ಅವಳ ಮೂಗು ಮೂಸಿದ, ಪಕ್ಕೆ ಮೂಸಿದ, ಬಾಲದ ಬುಡ ಮೂಸಿದ. ಅರ್ಧ ಬುಸ್ ಅಂದ. ಆಮೇಲೆ ಕೂತುಕೊಂಡ. ಕೆಲವು ಜೋಡಿಗಳಲ್ಲಿ ಇದು ಒಂದೇ ದಿನಕ್ಕೆ ಸರಿಹೋಗುತ್ತದೆ, ಕೆಲವರಲ್ಲಿ ವಾರಗಟ್ಟಲೆ ಹಿಡಿಯುತ್ತದೆ. ಅವಸರ ಮಾಡಿ ಒಂದು ಸಲ ಜೋರು ಜಗಳವಾದರೆ, ವಾಸನೆ ಹೋದ ಮೇಲೂ ಭಯ ಉಳಿಯುತ್ತದೆ. ಆಗ ಒಬ್ಬರನ್ನು ಕಂಡರೆ ಇನ್ನೊಬ್ಬರು ಹೆದರುವುದು ಕಲಿತ ಪಾಠವಾಗಿಬಿಡುತ್ತದೆ, ಅದನ್ನು ಬಿಡಿಸುವುದು ಬಹಳ ಕಷ್ಟ.

ನಮ್ಮ ಮನೆಯಲ್ಲಿ ಇದು ತಡವಾಗಲು ಫಿನೈಲ್ ಕೂಡ ಕಾರಣವಿತ್ತು. ಮನೆಗೆಲಸಕ್ಕೆ ಬರುವ ಜಯಮ್ಮ ದಿನಾ ಬೆಳಿಗ್ಗೆ ನೆಲ, ಬಾಗಿಲ ಕೆಳಭಾಗ, ಚೌಕಟ್ಟು ಎಲ್ಲ ಫಿನೈಲ್ ಹಾಕಿ ಒರೆಸುತ್ತಿದ್ದರು. ಇಬ್ಬರೂ ಹಿಂದಿನ ದಿನ ಹಚ್ಚಿದ ವಾಸನೆಯೆಲ್ಲ ಅಲ್ಲಿಗೆ ಅಳಿಸಿಹೋಗುತ್ತಿತ್ತು. ಅದಕ್ಕಿಂತ ದೊಡ್ಡ ಸಂಗತಿ, ಫಿನೈಲ್‌ನಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೆ ಅದು ನೇರ ಹೊಟ್ಟೆಗೆ ಹೋಗುತ್ತದೆ. ಜಯಮ್ಮನಿಗೆ ಹೇಳಿದೆ. "ಹಂಗಾರೆ ಬರೀ ನೀರಲ್ಲಿ ಒರೆಸ್ಲಾ ಅಕ್ಕ? ಆಮೇಲೆ ಮನೆ ಬೆಕ್ಕು ವಾಸನೆ ಹೊಡೀತೈತೆ ಅಂತ ನನ್ನ ಬೈಬಾರ್ದು ನೀವು" ಅಂದರು. ಬಿಸಿನೀರಿಗೆ ಚೂರು ಸೋಪಿನಪುಡಿ ಹಾಕಿ ಒರೆಸಿ, ಮೇಲೆ ಬರೀ ನೀರಲ್ಲಿ ಒಂದು ಸಲ ಒರೆಸಿ, ಬಾಗಿಲ ಚೌಕಟ್ಟನ್ನು ಮುಟ್ಟಬೇಡಿ ಅಂತ ಒಪ್ಪಂದವಾಯಿತು.

ಈ ಸಲ ರಾಗಿಯ ಲಸಿಕೆಗೆ ಹೋಗುವಾಗ ಎರಡು ಬುಟ್ಟಿ, ಇಬ್ಬರನ್ನೂ ಕರೆದುಕೊಂಡು ಹೋದೆ. ಗುಂಡನಿಗೆ ಯಾವ ಕೆಲಸವೂ ಇರಲಿಲ್ಲ, ಸುಮ್ನೆ ಅದೇ ಮೇಜಿನ ಮೇಲೆ ಕೂತು, ಅದೇ ಕೈಗಳಲ್ಲಿ ಮೈ ತಡವಿಸಿಕೊಂಡು ಬಂದ. ಆಟೋದವರು ಎರಡು ಬುಟ್ಟಿಗೆ ಇಪ್ಪತ್ತು ರೂಪಾಯಿ ಜಾಸ್ತಿ ಕೇಳಿದರು. ಮನೆಗೆ ಬಂದು ಚಿಲಕ ತೆಗೆದರೆ ಇಬ್ಬರೂ ಒಬ್ಬರನ್ನೊಬ್ಬರು ಕಡೆಗಣಿಸಿ ನೇರವಾಗಿ ತಟ್ಟೆಯ ಹತ್ತಿರ ಹೋದರು. ಬುಸ್ ಅಂದಿದ್ದು ಅಮ್ಮನಿಗೆ. ಅವರು ಆಗಷ್ಟೇ ಮಂಡಿನೋವಿಗೆ ಮುಲಾಮು ಹಚ್ಚಿಕೊಂಡಿದ್ದರು.